ಹಾಡು ಕೇಳುತ್ತದೆ, ಹೆಸರು ಮಾತ್ರ ಕಾಣದು

ಫೋನು ಕಾರಿನ ಸ್ಟೀರಿಯೊಗೆ ಬ್ಲೂಟೂತ್‌ನಲ್ಲಿ ಜೋಡಿಯಾಗಿದೆ. ಆ್ಯಪ್‌ನಲ್ಲಿ ಹಾಡು ಹಾಕಿದರೆ ಸ್ಪೀಕರ್‌ಗಳಲ್ಲಿ ಚೆನ್ನಾಗಿಯೇ ಬರುತ್ತಿದೆ. ಆದರೆ ಹಾಡಿನ ಹೆಸರು ಬರಬೇಕಾದ ಜಾಗದಲ್ಲಿ BT Audio ಎಂದೋ Unknown ಎಂದೋ ಬರೆದಿರುತ್ತದೆ. ಬೋರ್ಡಿಲ್ಲದೆ ಓಡುವ ಬಸ್ಸಿನ ಹಾಗೆ. ‘ಬ್ಲೂಟೂತ್ ಸರಿಯಾಗಿ ಕನೆಕ್ಟ್ ಆಗಿಲ್ಲ’ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಕನೆಕ್ಟ್ ಆಗದಿದ್ದರೆ ಹಾಡೇ ಬರುತ್ತಿರಲಿಲ್ಲ. ತೊಡಕಿರುವುದು ಬೇರೆ ಕಡೆ.

ಬ್ಲೂಟೂತ್‌ನಲ್ಲಿ ಹಾಡಿನ ದನಿಗೆ ಒಂದು ದಾರಿ, ಹೆಸರಿಗೆ ಇನ್ನೊಂದು ದಾರಿ. ದನಿಯನ್ನು ಸಾಗಿಸುವ ಏರ್ಪಾಡಿಗೆ ಎಟುಡಿಪಿ ಎನ್ನುತ್ತಾರೆ. ಎರಡನೆಯದು ಎವಿಆರ್‌ಸಿಪಿ. ಇದು ಮೂಲತಃ ರಿಮೋಟ್‌ನ ಕೆಲಸಕ್ಕಾಗಿ ಹುಟ್ಟಿದ್ದು. ಸ್ಟೀರಿಯೊದ ಮೇಲೆ ‘ಮುಂದಿನ ಹಾಡು’ ಗುಂಡಿ ಒತ್ತಿದರೆ ಆ ಆದೇಶವನ್ನು ಫೋನಿಗೆ ಮುಟ್ಟಿಸುವುದು ಇದೇ. ಇದರ ಮೊದಲ ಆವೃತ್ತಿಗಳಿಗೆ ಗುಂಡಿಗಳ ಆದೇಶ ಬಿಟ್ಟರೆ ಬೇರೇನೂ ತಿಳಿಯದು. ಹಾಡಿನ ಹೆಸರು, ಹಾಡಿದವರು, ಆಲ್ಬಂ ಇವನ್ನೆಲ್ಲ ಕಳಿಸುವ ಸೌಲಭ್ಯ ಸೇರಿದ್ದು 2007ರಲ್ಲಿ ಬಂದ 1.3ನೇ ಆವೃತ್ತಿಯಲ್ಲಿ. ಆಲ್ಬಂನ ಚಿತ್ರ ಕಳಿಸುವುದು 1.6ರಲ್ಲಿ ಬಂತು. ಹಾಗಾಗಿ ಸ್ಟೀರಿಯೊ 1.3ಕ್ಕಿಂತ ಹಿಂದಿನದಾದರೆ ಫೋನು ಎಷ್ಟೇ ಹೊಸದಾಗಿರಲಿ, ಹೆಸರು ಬರುವುದಿಲ್ಲ.

‘ಪೆನ್‌ಡ್ರೈವ್ ಹಾಕಿದರೆ ಹೆಸರು ಬರುತ್ತದಲ್ಲ, ಅಂದ ಮೇಲೆ ಸ್ಟೀರಿಯೊ ಸರಿಯಿದೆ’ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ಹಾಡಿನ ಹೆಸರು ಎಂಪಿ3 ಫೈಲಿನೊಳಗೇ ಇರುತ್ತದೆ, ಸ್ಟೀರಿಯೊ ಅದನ್ನು ತಾನೇ ಓದಿಕೊಳ್ಳುತ್ತದೆ. ಬ್ಲೂಟೂತ್‌ನಲ್ಲಿ ಸ್ಟೀರಿಯೊ ಕೇಳಬೇಕು, ಫೋನು ಹೇಳಬೇಕು. ಫೋನಿಗಾದರೂ ಹೆಸರು ತಿಳಿಯುವುದು ಆ್ಯಪ್ ಹೇಳಿದಾಗ. ಅಂದರೆ ಆ್ಯಪ್, ಫೋನು, ಸ್ಟೀರಿಯೊ ಮೂರೂ ತಂತಮ್ಮ ಕೆಲಸ ಮಾಡಿದರೆ ಮಾತ್ರ ಪರದೆಯ ಮೇಲೆ ಹೆಸರು ಮೂಡುತ್ತದೆ.

ತಪ್ಪಿರುವುದು ಈ ಮೂರರಲ್ಲಿ ಯಾರದೆಂದು ಹಿಡಿಯಲು ದೊಡ್ಡ ವಿದ್ಯೆಯೇನೂ ಬೇಡ. ಗಾಡಿ ನಿಂತಿರುವಾಗ ಹಾಡು ಹಾಕಿ ಫೋನಿನ ಲಾಕ್ ಸ್ಕ್ರೀನ್ ನೋಡಿ. ಅಲ್ಲಿ ಹಾಡಿನ ಹೆಸರು ಕಂಡರೆ ಆ್ಯಪ್ ತನ್ನ ಪಾಲಿನ ಮಾಹಿತಿ ಕೊಟ್ಟಿದೆ ಎಂದರ್ಥ. ಕಾರಿಗೆ ಹೋಗುವುದೂ ಸಾಮಾನ್ಯವಾಗಿ ಅದೇ ಮಾಹಿತಿ. ಆಮೇಲೆ ಅದೇ ಫೋನಿನಲ್ಲಿ ಬೇರೊಂದು ಆ್ಯಪ್‌ನಿಂದ ಹಾಡು ಹಾಕಿ. ಅದರ ಹೆಸರು ಸ್ಟೀರಿಯೊದಲ್ಲಿ ಬಂದರೆ ತೊಡಕು ಮೊದಲ ಆ್ಯಪ್‌ನದು. ಅದೂ ಬಾರದಿದ್ದರೆ ಮನೆಯವರ ಇನ್ನೊಂದು ಫೋನನ್ನು ಜೋಡಿಸಿ ನೋಡಿ. ಅದರಿಂದ ಹೆಸರು ಬಂದರೆ ಸ್ಟೀರಿಯೊ ನಿರಪರಾಧಿ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಏಳೆಂಟು ವರ್ಷ ಹಳೆಯ ಕಾರು. ಮಾಲೀಕರು ಹೊಸ ಆಂಡ್ರಾಯ್ಡ್ ಫೋನು ಕೊಂಡ ಮೇಲೆ ಹೆಸರು ಬರುವುದು ನಿಂತಿದೆ. ಲಾಕ್ ಸ್ಕ್ರೀನ್‌ನಲ್ಲಿ ಹೆಸರಿದೆ, ಎರಡನೇ ಆ್ಯಪ್‌ನಿಂದಲೂ ಕಾರಿಗೆ ಬರುತ್ತಿಲ್ಲ, ಹೆಂಡತಿಯ ಹಳೆಯ ಫೋನಿನಿಂದ ಬರುತ್ತಿದೆ. ಅಂದರೆ ಹೊಸ ಫೋನಿಗೂ ಸ್ಟೀರಿಯೊಗೂ ನಡುವಿನ ಹೊಂದಾಣಿಕೆಯಲ್ಲಿ ಕೊರತೆ. ಮೊದಲ ಮದ್ದು, ಜೋಡಣೆಯನ್ನು ಅಳಿಸಿ ಹೊಸದಾಗಿ ಮಾಡುವುದು. ಇದನ್ನು ಎರಡೂ ಕಡೆ ಮಾಡಬೇಕು: ಫೋನಿನಲ್ಲಿ ಕಾರಿನ ಹೆಸರನ್ನು Forget ಮಾಡಬೇಕು, ಸ್ಟೀರಿಯೊದ ಪಟ್ಟಿಯಿಂದ ಫೋನನ್ನೂ ತೆಗೆಯಬೇಕು. ಒಂದೇ ಕಡೆ ಅಳಿಸಿದರೆ ಇನ್ನೊಂದು ಕಡೆ ಹಳೆಯ ವಿವರ ಉಳಿದುಬಿಡಬಹುದು. ನಂತರ ಎರಡನ್ನೂ ಆಫ್ ಮಾಡಿ ಆನ್ ಮಾಡಿ ಹೊಸದಾಗಿ ಜೋಡಿಸಬೇಕು.

ಅದಕ್ಕೂ ಬಗ್ಗದಿದ್ದರೆ ಆಂಡ್ರಾಯ್ಡ್‌ನಲ್ಲಿ ಇನ್ನೊಂದು ಉಪಾಯವಿದೆ. ಹೊಸ ಆವೃತ್ತಿಯ ಮಾತು ಕೆಲವು ಹಳೆಯ ಸ್ಟೀರಿಯೊಗಳಿಗೆ ಸರಿಯಾಗಿ ಅರ್ಥವಾಗುವುದಿಲ್ಲ. ಆಗ ಫೋನಿಗೆ ಹಳೆಯ ಆವೃತ್ತಿಯಲ್ಲೇ ಮಾತಾಡು ಎಂದು ಹೇಳಬಹುದು. ಸೆಟ್ಟಿಂಗ್ಸ್‌ನ About phone ಒಳಗೆ Build number ಎಂಬುದನ್ನು ಏಳು ಸಲ ಒತ್ತಿದರೆ Developer options ತೆರೆದುಕೊಳ್ಳುತ್ತದೆ. ಕೆಲವು ಕಂಪನಿಗಳ ಫೋನಿನಲ್ಲಿ Build number ಇನ್ನೂ ಒಂದು ಹಂತ ಒಳಗಿರುತ್ತದೆ. ಅಲ್ಲಿ Bluetooth AVRCP Version ಹುಡುಕಿ, ಈಗ ಯಾವ ಸಂಖ್ಯೆ ಇದೆಯೆಂದು ಬರೆದಿಟ್ಟುಕೊಂಡು ಮೊದಲು 1.4, ಆಮೇಲೆ 1.3 ಆರಿಸಿ ನೋಡಬೇಕು. ಪ್ರತಿ ಸಲ ಬದಲಿಸಿದಾಗಲೂ ಬ್ಲೂಟೂತ್ ಆಫ್ ಮಾಡಿ, ಜೋಡಣೆಯನ್ನು ಹೊಸದಾಗಿ ಮಾಡಬೇಕು. ಇಲ್ಲದಿದ್ದರೆ ಬದಲಾವಣೆ ಜಾರಿಗೆ ಬಂದಿತೋ ಇಲ್ಲವೋ ತಿಳಿಯದು. ನಮ್ಮ ಕಾರಿನವರಿಗೆ 1.3ರಲ್ಲಿ ಹೆಸರು ಬಂತು ಎಂದುಕೊಳ್ಳಿ. ಆಲ್ಬಂನ ಚಿತ್ರವನ್ನು ಅವರು ಕೇಳುವಂತಿಲ್ಲ, ಅದು 1.6ರ ಸೌಲಭ್ಯ. ಅದೇ ಪುಟದ ಬೇರೆ ಯಾವುದನ್ನೂ ಮುಟ್ಟುವುದು ಬೇಡ. ಐಫೋನಿನಲ್ಲಿ ಇಂಥ ಆಯ್ಕೆ ಇಲ್ಲ. ಅಲ್ಲಿ ಅಳಿಸಿ ಜೋಡಿಸುವುದು, ಫೋನಿನ ಮತ್ತು ಸ್ಟೀರಿಯೊದ ಸಾಫ್ಟ್‌ವೇರ್ ಅಪ್‌ಡೇಟ್ ಮಾಡುವುದು, ಇಷ್ಟೇ.

ಹೆಸರು ಬರುತ್ತದೆ, ಆದರೆ ಹಾಡು ಬದಲಾದರೂ ಹಳೆಯ ಹೆಸರೇ ಕೂತಿರುತ್ತದೆ ಎಂಬುದು ಬೇರೆ ರೋಗ. ‘ಹಾಡು ಬದಲಾದಾಗ ನನಗೆ ಹೇಳು’ ಎಂದು ಸ್ಟೀರಿಯೊ ಫೋನಿಗೆ ಕೋರಿಕೆ ಸಲ್ಲಿಸಿರುತ್ತದೆ. ಈ ಕೋರಿಕೆ ಒಂದು ಸಲಕ್ಕೆ ಮಾತ್ರ ಸಲ್ಲುತ್ತದೆ. ಫೋನು ಒಮ್ಮೆ ಹೇಳಿದ ಮೇಲೆ ಸ್ಟೀರಿಯೊ ಮತ್ತೆ ಕೇಳಿಕೊಳ್ಳಬೇಕು. ಈ ಸರಣಿ ಎಲ್ಲಾದರೂ ಕಡಿದರೆ ಹೆಸರು ಅಲ್ಲೇ ನಿಲ್ಲುತ್ತದೆ. ಸ್ಟೀರಿಯೊವನ್ನು ಒಮ್ಮೆ ರೇಡಿಯೊಗೆ ತಿರುಗಿಸಿ ಮರಳಿ ಬ್ಲೂಟೂತ್‌ಗೆ ತಂದಾಗ ಹೆಸರು ಸರಿಯಾದರೆ ಕಾರಣ ಇದೇ ಇರಬೇಕು. ಸರಿಯಾಗದೆ, ಬೇರೊಂದು ಆ್ಯಪ್‌ನ ವಿಡಿಯೊ ಹೆಸರು ಅಂಟಿಕೊಂಡಿದ್ದರೆ, ಹಿಂದೆ ತೆರೆದಿಟ್ಟ ಆ ಆ್ಯಪ್ ಅನ್ನು ಪೂರ್ತಿ ಮುಚ್ಚಿ.

ಕನ್ನಡದ ಕೇಳುಗರಿಗೆ ಕಾಣುವ ಮೂರನೆಯ ಬಗೆಯೂ ಉಂಟು. ಇಂಗ್ಲಿಷ್ ಅಕ್ಷರದಲ್ಲಿರುವ ಹೆಸರುಗಳು ಸರಿಯಾಗಿ ಬರುತ್ತವೆ, ಕನ್ನಡ ಲಿಪಿಯಲ್ಲಿ ಹೆಸರಿಟ್ಟ ಪಾಡ್‌ಕಾಸ್ಟ್ ಅಥವಾ ಭಜನೆ ಹಾಕಿದರೆ ಚೌಕಗಳೋ ಪ್ರಶ್ನೆ ಚಿಹ್ನೆಗಳೋ ಮೂಡುತ್ತವೆ, ಇಲ್ಲವೇ ಜಾಗ ಖಾಲಿ ಬಿಟ್ಟಿರುತ್ತದೆ. ಫೋನು ಕನ್ನಡವನ್ನು ಸರಿಯಾಗಿಯೇ ಕಳಿಸಿದೆ. ಸ್ಟೀರಿಯೊದಲ್ಲಿ ಕನ್ನಡ ಫಾಂಟ್ ಇಲ್ಲ. ಎಷ್ಟು ಸಲ ಅಳಿಸಿ ಜೋಡಿಸಿದರೂ ಇದು ಬದಲಾಗುವುದಿಲ್ಲ. ತಯಾರಕರು ಫಾಂಟ್ ಸೇರಿಸಿದ ಅಪ್‌ಡೇಟ್ ಕೊಡಬೇಕಷ್ಟೆ. ಆಂಡ್ರಾಯ್ಡ್ ಆಟೊ ಅಥವಾ ಕಾರ್‌ಪ್ಲೇ ಇರುವ ಕಾರಿನಲ್ಲಿ ಈ ತಾಪತ್ರಯ ಸಾಮಾನ್ಯವಾಗಿ ಇರದು, ಏಕೆಂದರೆ ಅಲ್ಲಿ ಪರದೆಯ ಮೇಲಿನ ಚಿತ್ರವನ್ನೂ ಅಕ್ಷರವನ್ನೂ ಫೋನೇ ಸಿದ್ಧಪಡಿಸಿ ಕಳಿಸುತ್ತದೆ.

ಹಳೆಯ ಸ್ಟೀರಿಯೊಗೆ ಆಕ್ಸ್ ವೈರಿನಿಂದಲೋ ಎಫ್‌ಎಂ ಮೂಲಕವೋ ಹಾಡು ಮುಟ್ಟಿಸುವ ಪುಟ್ಟ ಬ್ಲೂಟೂತ್ ಅಡಾಪ್ಟರ್ ಹಾಕಿಕೊಂಡವರು ಹೆಸರಿನ ಆಸೆ ಬಿಡಬೇಕು. ಫೋನಿನ ಮಾತುಕತೆ ನಡೆಯುವುದು ಅಡಾಪ್ಟರ್ ಜೊತೆ. ಅಲ್ಲಿಂದ ಮುಂದೆ ಹೋಗುವುದು ದನಿ ಮಾತ್ರ.

ಹೊಸ ಸ್ಟೀರಿಯೊ ಕೊಳ್ಳುವ ಯೋಚನೆ ಇದ್ದರೆ ಡಬ್ಬಿಯ ಮೇಲೆ ‘ಬ್ಲೂಟೂತ್ ಇದೆ’ ಎಂದಿರುವುದು ಸಾಲದು. ಬ್ಲೂಟೂತ್ 5.0 ಎಂದಿದ್ದರೂ ಅದು ರೇಡಿಯೊ ಸಂಪರ್ಕದ ಆವೃತ್ತಿ, ಹೆಸರು ಬರುವುದಕ್ಕೆ ಖಾತರಿಯಲ್ಲ. ವಿವರಣಾ ಪುಸ್ತಿಕೆಯಲ್ಲಿ AVRCP ಪಕ್ಕದ ಸಂಖ್ಯೆ 1.3 ಅಥವಾ ಅದಕ್ಕಿಂತ ಮೇಲಿರಬೇಕು, ಚಿತ್ರವೂ ಬೇಕಿದ್ದರೆ 1.6. ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ನಿಮ್ಮ ಫೋನು ಜೋಡಿಸಿ, ಕನ್ನಡ ಲಿಪಿಯ ಹೆಸರಿರುವ ಒಂದು ಹಾಡು ಹಾಕಿ, ಮುಂದಿನ ಹಾಡಿಗೆ ಹೋಗಿ ನೋಡಿ. ಮೂರು ಬಗೆಯ ತೊಂದರೆಯೂ ಅಲ್ಲೇ ಬಯಲಾಗುತ್ತದೆ.