ಅಜ್ಜಿಯ ಮುಖವೋ, ಎಐ ಊಹೆಯೋ?

1990ರ ದಶಕದ ಮದುವೆ ಕ್ಯಾಸೆಟ್ಟನ್ನು ಡಿಜಿಟಲ್ ಮಾಡಿಸಿದರೆ ಸಿಗುವುದು ಸಾಮಾನ್ಯವಾಗಿ 720×576 ಚುಕ್ಕಿಗಳ ಚಿತ್ರ. ಅದರಲ್ಲೂ ಪ್ರತಿ ಫ್ರೇಮು ಸಮ, ಬೆಸ ಗೆರೆಗಳ ಎರಡು ಅರ್ಧಚಿತ್ರಗಳ ಹೆಣಿಗೆ. ಮೊದಲು ಡಿಇಂಟರ್ಲೇಸ್ ಮಾಡಿ ಅದನ್ನು ಬಿಡಿಸಬೇಕು. ಇಲ್ಲದಿದ್ದರೆ ಕೈಯಾಡಿದಲ್ಲೆಲ್ಲ ಮೂಡುವ ಬಾಚಣಿಗೆ ಹಲ್ಲಿನಂಥ ಗೆರೆಗಳನ್ನೇ ಎಐ ಇನ್ನಷ್ಟು ಚೂಪುಗೊಳಿಸುತ್ತದೆ.

ಆಮೇಲೆ ಎರಡು ಪಟ್ಟು ಹಿಗ್ಗಿಸಿದರೆ ಸಾಕು. ಧಾರೆಯ ಹೊತ್ತಿಗೆ ಹಿಂದೆ ನಿಂತ ಅಜ್ಜಿಯ ಮುಖ ಬರೀ 20 ಚುಕ್ಕಿ ಅಗಲವಿದ್ದರೆ, ಕಣ್ಣಿನ ವಿವರ ಟೇಪಿನಲ್ಲೇ ಇಲ್ಲ. ಮುಖ ತಿದ್ದುವ ಆಯ್ಕೆ ಒತ್ತಿದರೆ ಎಐ ತಾನು ಕಲಿತ ಮುಖಗಳಿಂದ ಊಹಿಸಿ ಯಾರದೋ ಕಣ್ಣು ಕೂರಿಸುತ್ತದೆ, ಸುಕ್ಕು ಅಳಿಸುತ್ತದೆ. ನಿಲ್ಲಿಸಿದ ಚಿತ್ರದಲ್ಲಿ ಇದು ಸುಲಭಕ್ಕೆ ತಿಳಿಯದು; ಓಡಿಸಿ ನೋಡಿ. ಹಲ್ಲು, ಸೀರೆಯಂಚು ಫ್ರೇಮಿನಿಂದ ಫ್ರೇಮಿಗೆ ಬದಲಾಗುತ್ತಿದ್ದರೆ ಆ ಭಾಗದಲ್ಲಿ ಹಳೆಯ ಮಸುಕನ್ನೇ ಉಳಿಸಿಕೊಳ್ಳಿ.