ಗ್ಲೂಕೋಸಿನ ಹತ್ತು ಮೆಟ್ಟಿಲುಗಳು

ಜೀವರಸಾಯನಶಾಸ್ತ್ರದ ಗೋಡೆನಕ್ಷೆಯಲ್ಲಿ ನೂರಾರು ಬಾಣಗಳು ಬಲೆಯಂತೆ ಹೆಣೆದುಕೊಂಡಿರುತ್ತವೆ. ಅದರಿಂದ ಒಂದೇ ಎಳೆಯನ್ನು ಬಿಡಿಸಿಕೊಳ್ಳೋಣ. ಗ್ಲೂಕೋಸು 10 ಹಂತಗಳಲ್ಲಿ ಪೈರುವೇಟ್ ಆಗುವ ಈ ಮಾರ್ಗಕ್ಕೆ ಗ್ಲೈಕಾಲಿಸಿಸ್ ಎಂದು ಹೆಸರು.

ಮೊದಲು ಚೀಟಿಗಳು. 3ನೆಯ ಹಂತವನ್ನೇ ನೋಡಿ. "ಫ್ರಕ್ಟೋಸ್-6-ಫಾಸ್ಫೇಟಿಗೆ ಎಟಿಪಿಯಿಂದ ಮತ್ತೊಂದು ಫಾಸ್ಫೇಟ್ ಸೇರಿದರೆ ಏನಾಗುವುದು?" ಎಂದು ಚೀಟಿಯ ಮುಂಬದಿಯಲ್ಲಿ ಬರೆಯಿರಿ. ಹಿಂಬದಿಯಲ್ಲಿ ಉತ್ತರ: ಫ್ರಕ್ಟೋಸ್-1,6-ಬಿಸ್‌ಫಾಸ್ಫೇಟ್. ಈ ಕ್ರಿಯೆಯನ್ನು ನಡೆಸುವ ಕಿಣ್ವವಾದ ಫಾಸ್ಫೋಫ್ರಕ್ಟೋಕೈನೇಸಿಗೆ ಬೇರೆಯೇ ಚೀಟಿ ಇರಲಿ. ಎರಡನ್ನೂ ಒಟ್ಟಿಗೆ ಕೇಳಿದರೆ, ಅರ್ಧ ತಿಳಿದವನೂ ಪೂರ್ಣ ತಿಳಿದೆನೆಂದು ಭ್ರಮಿಸುವನು.

ಚೀಟಿಗಳನ್ನು ಕಲಸಿದೊಡನೆ ಹಂತಗಳ ಕ್ರಮ ಮರೆಯಾಗುತ್ತದೆ. ಆ ಕೊರತೆಯನ್ನು ನೀಗಲು ಒಂದು ಪುಟದ ಹಾಳೆ ಬೇಕು. ಪುಸ್ತಕವನ್ನು ಮುಚ್ಚಿ, ಗ್ಲೂಕೋಸಿನಿಂದ ಪೈರುವೇಟಿನವರೆಗೆ 11 ವಸ್ತುಗಳನ್ನು ಮೇಲಿನಿಂದ ಕೆಳಕ್ಕೆ ಬರೆದು, ಬಲ ಅಂಚಿನಲ್ಲಿ ಎಟಿಪಿಯ ಜಮಾಖರ್ಚನ್ನು ಇಡಿರಿ. 1 ಮತ್ತು 3ನೆಯ ಹಂತಗಳಲ್ಲಿ ಒಂದೊಂದು ಎಟಿಪಿ ಖರ್ಚು. 7 ಮತ್ತು 10ನೆಯ ಹಂತಗಳಲ್ಲಿ ಜಮೆ. ಆದರೆ 4ನೆಯ ಹಂತದಲ್ಲಿ ಆರು ಇಂಗಾಲದ ಅಣುವು ಮೂರು ಮೂರು ಇಂಗಾಲದ ಎರಡು ಅಣುಗಳಾಗಿ ಸೀಳುತ್ತದೆ. ಆದುದರಿಂದ 6ನೆಯ ಹಂತದಿಂದ ಮುಂದಿನದೆಲ್ಲವೂ ಎರಡೆರಡು ಸಲ ನಡೆಯುವುದು. ಜಮೆ 4, ಖರ್ಚು 2, ಉಳಿಕೆ 2. ನಿಮ್ಮ ಹಾಳೆಯಲ್ಲಿ ಉಳಿಕೆ ಸೊನ್ನೆಯಾಗಿದ್ದರೆ, ಆ ಸೀಳನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲವೆಂದೇ ತಿಳಿಯಬೇಕು.

ಈ ಲೆಕ್ಕಕ್ಕೂ ಒಂದು ಮಿತಿಯಿದೆ. 8 ಮತ್ತು 9ನೆಯ ಹಂತಗಳಲ್ಲಿ ಎಟಿಪಿಯ ಕೊಡುಕೊಳ್ಳುವಿಕೆಯೇ ಇಲ್ಲ. ಅವುಗಳ ಕಿಣ್ವಗಳನ್ನು ಅದಲುಬದಲು ಮಾಡಿದರೂ ಉಳಿಕೆ ಸರಿಯಾಗಿಯೇ ಬರುವುದು. ಆ ತಪ್ಪನ್ನು ಹಿಡಿಯುವುದು ಚೀಟಿಗಳ ಕೆಲಸ.