ಬೆರಳು ತೆಗೆದರೂ ನಿಲ್ಲದ ಮೋಟಾರು

ಹಿಟ್ಟಿನ ಗಿರಣಿಯ ಹಸಿರು ಬಟನ್ ಒಳಗೆ ಸ್ಪ್ರಿಂಗ್ ಇರುತ್ತದೆ. ಬೆರಳು ಎತ್ತಿದೊಡನೆ ಅದರ ಸಂಪರ್ಕ ತಪ್ಪುತ್ತದೆ. ಆದರೂ ಮೋಟಾರು ತಿರುಗುತ್ತಲೇ ಇರುತ್ತದಲ್ಲ, ಅದು ಸ್ಟಾರ್ಟರ್ ಒಳಗಿನ ಕಾಂಟ್ಯಾಕ್ಟರ್ ಮಾಡುವ ಕೆಲಸ. ಬಟನ್ ಒತ್ತಿದಾಗ ಅದರ ಕಾಯಿಲ್‌ಗೆ ಕರೆಂಟ್ ಸಿಕ್ಕಿ, ಮೋಟಾರಿನ ಮೂರು ಫೇಸ್‌ಗಳ ಜೊತೆಗೆ ಒಂದು ಪುಟ್ಟ ಸಂಪರ್ಕವೂ ಕೂಡಿಕೊಳ್ಳುತ್ತದೆ. ಸಾಮಾನ್ಯವಾಗಿ ಅದರ ಮೇಲೆ 13, 14 ಎಂಬ ಅಂಕಿಗಳಿರುತ್ತವೆ. ಇದನ್ನು ಹಸಿರು ಬಟನ್‌ಗೆ ಪಕ್ಕದಾರಿಯಾಗಿ ಜೋಡಿಸಿರುತ್ತಾರೆ. ಬೆರಳು ತೆಗೆದ ಮೇಲೆ ಕಾಯಿಲ್ ತನ್ನ ಕರೆಂಟನ್ನು ಈ ದಾರಿಯಿಂದಲೇ ಪಡೆಯುತ್ತದೆ. ಇದೇ ಹೋಲ್ಡಿಂಗ್ ಕಾಂಟ್ಯಾಕ್ಟ್. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಮೋಟಾರು ಓಡುತ್ತಿದ್ದರೆ ಮೊದಲು ಈ ಸಂಪರ್ಕವನ್ನೇ ನೋಡಬೇಕು.

ಕರೆಂಟ್ ಹೋದರೆ ಈ ಹಿಡಿತವೂ ಬಿಟ್ಟುಹೋಗುತ್ತದೆ. ಮತ್ತೆ ಬಂದಾಗ ಮೋಟಾರು ತಾನಾಗಿ ಹೊರಡುವುದಿಲ್ಲ. ಅಷ್ಟರಲ್ಲಿ ಯಾರಾದರೂ ಬೆಲ್ಟ್ ಸರಿಪಡಿಸಲು ಕೈ ಹಾಕಿದ್ದರೆ, ಆ ಕೈ ಉಳಿಯುವುದು ಇದರಿಂದಲೇ. ಮಾಮೂಲಿ ಸ್ವಿಚ್ಚಿಗೆ ಈ ಗುಣವಿಲ್ಲ.

ಕಾರ್ಖಾನೆಗಳಲ್ಲಿ ಇದೇ ಸರ್ಕಿಟ್ಟನ್ನು ಪಿಎಲ್‌ಸಿ ಎಂಬ ಪುಟ್ಟ ಕಂಪ್ಯೂಟರಿಗೆ ಲ್ಯಾಡರ್ ಚಿತ್ರವಾಗಿ ಬರೆದುಕೊಡುತ್ತಾರೆ. ಎರಡು ಕಂಬ, ನಡುವೆ ಮೆಟ್ಟಿಲು. ನಮ್ಮ ಮೋಟಾರಿಗೆ ಒಂದೇ ಮೆಟ್ಟಿಲು ಸಾಕು:

```
|   I0.0      I0.1        Q0.0  |
|---] [---+---] [---+-----( )---|
|         |   Q0.0  |           |
|         +---] [---+           |
```

I0.0 ಸ್ಟಾಪ್, I0.1 ಸ್ಟಾರ್ಟ್, Q0.0 ಕಾಂಟ್ಯಾಕ್ಟರ್ ಕಾಯಿಲ್. ಸ್ಟಾರ್ಟಿನ ಕೆಳಗಿನ Q0.0 ಹೋಲ್ಡಿಂಗ್.

ಕಲಿಯುವವರು ಎಡವುವುದು ಸ್ಟಾಪ್‌ನಲ್ಲಿ. ಕೆಂಪು ಬಟನ್ ಒತ್ತದಿದ್ದಾಗ ಕೂಡಿಕೊಂಡೇ ಇರುವ, ಒತ್ತಿದಾಗ ಬಿಡುವ ಎನ್‌ಸಿ ಬಗೆಯದು. ಹಾಗಾಗಿ ಚಿತ್ರದಲ್ಲೂ ಅಡ್ಡಗೀಟಿನ ಎನ್‌ಸಿ ಗುರುತು `]/[` ಹಾಕಿಬಿಡುತ್ತಾರೆ. ಆಮೇಲೆ ಸ್ಟಾರ್ಟ್ ಎಷ್ಟು ಒತ್ತಿದರೂ ಮೋಟಾರು ಹೊರಡುವುದಿಲ್ಲ. ಸ್ಟಾಪನ್ನೂ ಒತ್ತಿ ಹಿಡಿದರೆ ಮಾತ್ರ ಓಡುತ್ತದೆ! ಪಿಎಲ್‌ಸಿ ನೋಡುವುದು ಬಟನ್ನಿನ ಜಾತಿಯನ್ನಲ್ಲ, ತನ್ನ ತುದಿಗೆ ವೋಲ್ಟೇಜ್ ಬಂತೇ ಎಂಬುದನ್ನು ಮಾತ್ರ. ಒತ್ತದ ಕೆಂಪು ಬಟನ್‌ನಿಂದ ವೋಲ್ಟೇಜ್ ಬರುತ್ತಲೇ ಇರುತ್ತದೆ, I0.0 ದೀಪ ಉರಿಯುತ್ತಲೇ ಇರುತ್ತದೆ. ಆದ್ದರಿಂದ ಚಿತ್ರದಲ್ಲಿ ಅಡ್ಡಗೀಟಿಲ್ಲದ `] [` ಇರಬೇಕು.

ಗುರುತನ್ನು ಬದಲಿಸುವ ಬದಲು ಬಟನ್ನನ್ನೇ ಎನ್‌ಒ ಮಾಡಿ ಕೆಲಸ ಮುಗಿಸುವವರಿದ್ದಾರೆ. ಮೋಟಾರು ಓಡುತ್ತದೆ, ನಿಲ್ಲುತ್ತದೆ, ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. ಇಲಿ ಸ್ಟಾಪ್ ವೈರು ಕಡಿದ ದಿನ ಮಾತ್ರ ಕೆಂಪು ಬಟನ್ ಒತ್ತಿದರೂ ಪಿಎಲ್‌ಸಿಗೆ ಸುದ್ದಿ ಮುಟ್ಟುವುದಿಲ್ಲ. ಎನ್‌ಸಿ ಆಗಿದ್ದರೆ ವೈರು ಕಡಿದ ಗಳಿಗೆಯಲ್ಲೇ I0.0 ಆರಿ ಮೋಟಾರು ನಿಲ್ಲುತ್ತಿತ್ತು.

ಇಷ್ಟಾದರೂ ತುರ್ತು ಸ್ಟಾಪನ್ನು ಈ ಚಿತ್ರವೊಂದಕ್ಕೇ ಬಿಡುವಂತಿಲ್ಲ. ಔಟ್‌ಪುಟ್ ರಿಲೇ ಅಂಟಿಕೊಂಡರೆ ಪ್ರೋಗ್ರಾಂ ಎಷ್ಟೇ ಸರಿಯಿದ್ದರೂ ಕಾಯಿಲ್‌ಗೆ ಕರೆಂಟ್ ಹೋಗುತ್ತಲೇ ಇರುತ್ತದೆ. ಅದಕ್ಕೇ ತುರ್ತು ಬಟನ್ನನ್ನೂ ಓವರ್‌ಲೋಡ್ ರಿಲೇಯ ಸಂಪರ್ಕವನ್ನೂ ಕಾಯಿಲ್‌ಗೆ ಹೋಗುವ ವೈರಿನಲ್ಲೇ ಕೂರಿಸುತ್ತಾರೆ.